ಒಂದು ಚಿತ್ರಕ್ಕೆ ಎಷ್ಟು ಕ್ರೆಡಿಟ್? ಚಿತ್ರ ರಚಿಸುವ ಟೂಲ್‌ಗಳ ಲೆಕ್ಕಾಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೆಡಿಟ್ ಅಂದರೆ ಏನು? ಒಂದು ಕ್ರೆಡಿಟ್‌ಗೆ ಒಂದು ಚಿತ್ರ ಅಲ್ವಾ?

ಹೆಚ್ಚಿನ ಟೂಲ್‌ಗಳಲ್ಲಿ ಅಲ್ಲ. ನಾವು ಬರೆದ ಪ್ರಾಂಪ್ಟ್ ಎಲ್ಲೋ ಇರುವ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಜಿಪಿಯು ಎಂಬ ಒಂದು ಚಿಪ್ ಕೆಲವು ಸೆಕೆಂಡು ನಮಗಾಗಿ ದುಡಿಯುತ್ತದೆ. ಕ್ರೆಡಿಟ್ ಎಂಬುದು ಆ ದುಡಿಮೆಯ ಅಳತೆ. ಬಾಡಿಗೆ ಆಟೋದ ಮೀಟರ್ ಇದ್ದ ಹಾಗೆ. ತಲುಪಿದ ಜಾಗ ಇಷ್ಟವಾಯಿತೋ ಇಲ್ಲವೋ ಎಂದು ಮೀಟರ್ ಕೇಳುವುದಿಲ್ಲ.

ಮಿಡ್‌ಜರ್ನಿ ಇದನ್ನು ಮುಚ್ಚಿಡುವುದೇ ಇಲ್ಲ. ಅಲ್ಲಿ ಕ್ರೆಡಿಟ್ ಬದಲು ನೇರವಾಗಿ ಜಿಪಿಯು ಸಮಯವನ್ನೇ ಮಾರುತ್ತಾರೆ. ಅದರ ಬೇಸಿಕ್ ಪ್ಲಾನ್‌ನಲ್ಲಿ ತಿಂಗಳಿಗೆ ಸುಮಾರು 3.3 ಗಂಟೆ, ಸ್ಟ್ಯಾಂಡರ್ಡ್‌ನಲ್ಲಿ 15 ಗಂಟೆ ಫಾಸ್ಟ್ ಸಮಯ, ಅಂದರೆ ಹೆಚ್ಚು ಕಾಯದೆ ಸಿಗುವ ಜಿಪಿಯು ಸಮಯ, ಎಂಬುದು ಬಹಳ ಕಾಲದ ಲೆಕ್ಕ. ನಾಲ್ಕು ಚಿತ್ರಗಳ ಒಂದು ಸೆಟ್‌ಗೆ ಸರಾಸರಿ ಒಂದು ನಿಮಿಷ ಹಿಡಿಯುತ್ತದೆ ಎಂದರೆ ಬೇಸಿಕ್‌ನಲ್ಲಿ ಸುಮಾರು 200 ಸೆಟ್. ಬೇರೆ ಟೂಲ್‌ಗಳು ಇದೇ ಸಮಯವನ್ನು ಕ್ರೆಡಿಟ್, ಟೋಕನ್ ಎಂದೆಲ್ಲ ಹೆಸರಿಟ್ಟು ಕೊಡುತ್ತವೆ.

ಒಂದೇ ಟೂಲ್‌ನಲ್ಲಿ ಒಮ್ಮೆ 4 ಕ್ರೆಡಿಟ್ ಹೋಗುತ್ತದೆ, ಇನ್ನೊಮ್ಮೆ 16 ಹೋಗುತ್ತದೆ. ಯಾಕೆ?

ಮೊದಲು ನೋಡಬೇಕಾದ್ದು ಎಷ್ಟು ಚಿತ್ರ ಕೇಳಿದ್ದೀರಿ ಎಂಬುದು. ಬಹಳ ಟೂಲ್‌ಗಳು ಒಂದು ಕ್ಲಿಕ್‌ಗೆ ನಾಲ್ಕು ಚಿತ್ರ ಮಾಡುವ ಹಾಗೆ ಮೊದಲೇ ಸೆಟ್ ಆಗಿರುತ್ತವೆ. ಕೆಲವದರಲ್ಲಿ ದರ ಬರೆದಿರುವುದು ಒಂದು ಚಿತ್ರಕ್ಕೆ, ಕೆಲವದರಲ್ಲಿ ಇಡೀ ಸೆಟ್‌ಗೆ. 2022ರಲ್ಲಿ ಡಾಲ್-ಇ 2 ಕ್ರೆಡಿಟ್ ಮಾರಲು ಶುರು ಮಾಡಿದಾಗ ಒಂದು ಕ್ರೆಡಿಟ್‌ಗೆ ನಾಲ್ಕು ಚಿತ್ರ ಬರುತ್ತಿತ್ತು. ಅದಕ್ಕೇ 115 ಕ್ರೆಡಿಟ್ ಕೊಂಡವರಿಗೆ 460 ಚಿತ್ರ ಎಂದು ಹೇಳುತ್ತಿದ್ದರು. ಆ ಅಭ್ಯಾಸದಲ್ಲಿ ಬೇರೆ ಟೂಲ್‌ಗೆ ಹೋದರೆ ಲೆಕ್ಕ ನಾಲ್ಕು ಪಟ್ಟು ತಪ್ಪಬಹುದು.

ಎರಡನೆಯದು ಸೈಜು. 512×512 ಚಿತ್ರದಲ್ಲಿ ಸುಮಾರು 2.6 ಲಕ್ಷ ಪಿಕ್ಸೆಲ್. 1024×1024 ಆದರೆ ಸುಮಾರು 10.5 ಲಕ್ಷ. ಅಳತೆ ಎರಡು ಪಟ್ಟು ಅನ್ನಿಸಿದರೂ ಪಿಕ್ಸೆಲ್ ನಾಲ್ಕು ಪಟ್ಟು. ಚಿತ್ರದ ಒಂದು ಭಾಗ ಇನ್ನೊಂದು ಭಾಗದ ಜೊತೆ ಹೊಂದುತ್ತಿದೆಯೇ ಎಂದು ಮಾಡೆಲ್ ನೋಡುವ ಕೆಲಸವಂತೂ ಅದಕ್ಕಿಂತ ಜಾಸ್ತಿ ಬೆಳೆಯುತ್ತದೆ. ಹಾಗಾಗಿ ದೊಡ್ಡ ಸೈಜಿನ ದರ ಜಿಗಿದರೆ ಅದು ಬರೀ ವ್ಯಾಪಾರವಲ್ಲ, ಕೆಲಸವೂ ನಿಜವಾಗಿ ಜಾಸ್ತಿಯೇ.

ಮೂರನೆಯದು ಸ್ಟೆಪ್‌ಗಳು. ಡಿಫ್ಯೂಷನ್ ಮಾಡೆಲ್‌ಗಳು ಮಬ್ಬು ಮಬ್ಬು ಚುಕ್ಕೆಗಳಿಂದ ಶುರು ಮಾಡಿ, ಹಂತ ಹಂತವಾಗಿ ಮಬ್ಬು ತೆಗೆಯುತ್ತಾ ಚಿತ್ರ ಮಾಡುತ್ತವೆ. 25 ಸ್ಟೆಪ್ ಬದಲು 50 ಇಟ್ಟರೆ ಸಮಯವೂ ಹೆಚ್ಚುಕಡಿಮೆ ಎರಡು ಪಟ್ಟು. ಚಿತ್ರ ಮಾತ್ರ ಎರಡು ಪಟ್ಟು ಚೆನ್ನಾಗಿ ಬರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ವ್ಯತ್ಯಾಸ ಕಣ್ಣಿಗೇ ಕಾಣುವುದಿಲ್ಲ. ‘ಹೈ ಕ್ವಾಲಿಟಿ’ ಎಂಬ ಬಟನ್ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ಹೆಚ್ಚು ಸ್ಟೆಪ್ ಅಥವಾ ದೊಡ್ಡ ಮಾಡೆಲ್.

1000 ಕ್ರೆಡಿಟ್‌ಗೆ 250 ಚಿತ್ರ ಎಂದು ಹಾಕಿದ್ದಾರೆ. ನನಗೆ ಹತ್ತೂ ಬರಲಿಲ್ಲ. ಮೋಸನಾ?

ಮೋಸ ಅಲ್ಲ. ಅವರು ಎಣಿಸುವುದು ಮೆಷಿನ್‌ನಿಂದ ಹೊರಬಂದ ಚಿತ್ರಗಳನ್ನು, ನೀವು ಎಣಿಸುವುದು ಕೆಲಸಕ್ಕೆ ಬಂದ ಚಿತ್ರಗಳನ್ನು. ಇವೆರಡರ ನಡುವೆ ಎಷ್ಟು ಅಂತರ ಎಂದು ಒಂದು ಲೆಕ್ಕದಲ್ಲೇ ನೋಡೋಣ.

ಮಕ್ಕಳ ಕಥೆಯೊಂದಕ್ಕೆ 12 ಚಿತ್ರ ಬೇಕು ಎಂದುಕೊಳ್ಳಿ. ಟೂಲ್‌ನ ದರ ಹೀಗಿರಲಿ (ಇದು ಯಾವ ಕಂಪನಿಯದೂ ಅಲ್ಲ, ಲೆಕ್ಕಕ್ಕೆ ಇಟ್ಟುಕೊಂಡದ್ದು): ಒಂದು ಚಿತ್ರಕ್ಕೆ 4 ಕ್ರೆಡಿಟ್, ಒಂದು ಕ್ಲಿಕ್‌ಗೆ ನಾಲ್ಕು ಚಿತ್ರ, ಚಿತ್ರದ ಒಂದು ಭಾಗ ತಿದ್ದಲು 6, ಕೊನೆಗೆ ದೊಡ್ಡದು ಮಾಡಲು 10.

ಮೊದಲ ಪ್ರಾಂಪ್ಟ್‌ಗೇ ಮನಸ್ಸಿನಲ್ಲಿರುವ ಚಿತ್ರ ಬರುವುದು ಅಪರೂಪ. ಐದು ಸಲ ಪದ ಬದಲಿಸಿ ಕ್ಲಿಕ್ ಮಾಡಿದರೆ 5×16, ಅಂದರೆ 80. ಆನೆಗೆ ಐದು ಕಾಲು ಬಂದಿದೆ, ಹುಡುಗಿಯ ಕೈಬೆರಳು ಸರಿ ಇಲ್ಲ. ಎರಡು ತಿದ್ದುಪಡಿಗೆ 12. ದೊಡ್ಡದು ಮಾಡಲು 10. ಒಟ್ಟು 102. ಒಂದು ಪುಟದ ನಿಜವಾದ ಬೆಲೆ ಅದು, 4 ಅಲ್ಲ. 1000 ಕ್ರೆಡಿಟ್‌ನಲ್ಲಿ 9 ಪುಟ ಮುಗಿದು 82 ಉಳಿಯುತ್ತದೆ. ಹತ್ತನೆಯ ಪುಟ ಅರ್ಧಕ್ಕೆ ನಿಲ್ಲುತ್ತದೆ. ಹನ್ನೆರಡೂ ಮುಗಿಯಬೇಕಾದರೆ 1224 ಬೇಕು.

ಈಗ ಒಂದೇ ಒಂದು ಅಭ್ಯಾಸ ಬದಲಿಸಿ. ಮೊದಲ ಮೂರು ಪ್ರಯತ್ನದಲ್ಲಿ ಸೆಟ್ಟಿಂಗ್ ಅನ್ನು ಒಂದೇ ಚಿತ್ರಕ್ಕೆ ಇಳಿಸಿ. ಅಲ್ಲಿ ನೋಡುವುದು ಚೆಂದವನ್ನಲ್ಲ. ನಾನು ಬರೆದದ್ದು ಮಾಡೆಲ್‌ಗೆ ಅರ್ಥವಾಯಿತೇ, ಆನೆ ಎಡಕ್ಕಿದೆಯೇ, ರಾತ್ರಿಯಾಗಿದೆಯೇ ಎಂದಷ್ಟೇ. ಅದಕ್ಕೆ 12. ಪ್ರಾಂಪ್ಟ್ ಹಿಡಿತಕ್ಕೆ ಬಂದ ಮೇಲೆ ಎರಡು ಸಲ ನಾಲ್ಕು ನಾಲ್ಕು ತೆಗೆಯಿರಿ, 32. ತಿದ್ದುಪಡಿ 12, ದೊಡ್ಡದು ಮಾಡಲು 10. ಒಂದು ಪುಟಕ್ಕೆ 66, ಹನ್ನೆರಡಕ್ಕೆ 792. ಅದೇ ಪ್ಲಾನ್‌ನಲ್ಲಿ 208 ಉಳಿಯಿತು.

ನಾನೂ ಮೊದಲ ಎರಡು ತಿಂಗಳು ಆ ‘4’ ಎಂಬ ಅಂಕಿಯನ್ನು ಮುಟ್ಟಿಯೇ ಇರಲಿಲ್ಲ. ಅದು ಬದಲಿಸಬಹುದಾದ ಸೆಟ್ಟಿಂಗ್ ಎಂದೇ ಗೊತ್ತಿರಲಿಲ್ಲ!

ಚಿಕ್ಕ ಸೈಜಿನಲ್ಲಿ ಅಗ್ಗವಾಗಿ ಪ್ರಯತ್ನಿಸಿ, ಆಮೇಲೆ ಅದೇ ಸೀಡ್ ಇಟ್ಟು ದೊಡ್ಡದರಲ್ಲಿ ತೆಗೆದರೆ ಉಳಿತಾಯ ಆಗುವುದಿಲ್ಲವೇ?

ಕೇಳಲು ಚೆನ್ನಾಗಿದೆ, ಆದರೆ ಕೈಕೊಡುತ್ತದೆ. ಸೀಡ್ ಎಂದರೆ ಆರಂಭದ ಮಬ್ಬು ಚುಕ್ಕೆಗಳನ್ನು ತೀರ್ಮಾನಿಸುವ ಸಂಖ್ಯೆ. ಸೈಜು ಬದಲಾದರೆ ಚುಕ್ಕೆಗಳ ಹಾಸೇ ಬದಲಾಗುತ್ತದೆ. ಆಗ ಅದೇ ಸೀಡ್, ಅದೇ ಪ್ರಾಂಪ್ಟ್ ಇದ್ದರೂ ಬೇರೆಯದೇ ಚಿತ್ರ ಬರುತ್ತದೆ. ಮಾಡೆಲ್ ಬದಲಿಸಿದರೂ ಅಷ್ಟೇ.

ಚಿಕ್ಕದರಲ್ಲಿ ಇಷ್ಟವಾದ ಚಿತ್ರ ಸಿಕ್ಕಿದರೆ ಅದನ್ನೇ ಹಿಡಿದುಕೊಂಡು ಅಪ್‌ಸ್ಕೇಲ್ ಮಾಡಿ, ಅಂದರೆ ಅದೇ ಚಿತ್ರವನ್ನು ದೊಡ್ಡದು ಮಾಡಿ, ಮತ್ತೆ ಮೊದಲಿಂದ ತೆಗೆಯಲು ಹೋಗಬೇಡಿ. ಕರಡು ಚಿತ್ರಗಳಿಗೆಂದೇ ಮಾಡಿದ ಮೋಡ್ ಇದ್ದರೆ ಇನ್ನೂ ಒಳ್ಳೆಯದು. ಮಿಡ್‌ಜರ್ನಿಯ 7ನೇ ಆವೃತ್ತಿಯ ಜೊತೆ ಬಂದ ಡ್ರಾಫ್ಟ್ ಮೋಡ್ ಅರ್ಧ ಖರ್ಚಿನಲ್ಲಿ ಚಿತ್ರ ಕೊಡುತ್ತದೆ. ಪ್ರಾಂಪ್ಟ್ ಕೊನೆಯಲ್ಲಿ `--draft` ಎಂದು ಸೇರಿಸಿದರೆ ಆಯಿತು. ಹಿಡಿಸಿದ್ದನ್ನು ಅಲ್ಲಿಂದಲೇ ಪೂರ್ತಿ ಗುಣಮಟ್ಟಕ್ಕೆ ಏರಿಸಬಹುದು.

ಚಿತ್ರ ಕೆಟ್ಟದಾಗಿ ಬಂದರೆ ಕ್ರೆಡಿಟ್ ವಾಪಸ್ ಬರುತ್ತದೆಯೇ?

ಕೆಟ್ಟದಾಗಿ ಬಂದರೆ ಸಾಮಾನ್ಯವಾಗಿ ಇಲ್ಲ. ಐದು ಕಾಲಿನ ಆನೆಗೂ ಜಿಪಿಯು ಅಷ್ಟೇ ದುಡಿದಿದೆ.

ಚಿತ್ರ ಬರಲೇ ಇಲ್ಲ ಎಂದರೆ ವಿಷಯ ಬೇರೆ. ಸರ್ವರ್ ಎರರ್ ಆದರೆ ಕ್ರೆಡಿಟ್ ಕಡಿಯದಿರುವುದು ಅಥವಾ ವಾಪಸ್ ಹಾಕುವುದು ವಾಡಿಕೆ. ಗೊಂದಲ ಇರುವುದು ಸೇಫ್ಟಿ ಫಿಲ್ಟರ್ ವಿಷಯದಲ್ಲಿ. ಫಿಲ್ಟರ್ ಎರಡು ಕಡೆ ಕೂತಿರುತ್ತದೆ. ಒಂದು ಪ್ರಾಂಪ್ಟ್ ಓದುತ್ತದೆ. ಅಲ್ಲೇ ತಡೆದರೆ ಮೆಷಿನ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಹಾಗಾಗಿ ಕ್ರೆಡಿಟ್ ಹೋಗುವ ಸಾಧ್ಯತೆ ಕಡಿಮೆ. ಇನ್ನೊಂದು ತಯಾರಾದ ಚಿತ್ರವನ್ನು ನೋಡುತ್ತದೆ. ಅಲ್ಲಿ ತಡೆದರೆ ಕೆಲಸ ಮುಗಿದಿರುತ್ತದೆ, ಕೆಲವು ಟೂಲ್‌ಗಳು ಕಡಿದುಬಿಡುತ್ತವೆ.

ಯಾವುದು ಆಯಿತು ಎಂದು ಹೇಗೆ ತಿಳಿಯುವುದು? ಒಂದು ಕ್ಷಣದಲ್ಲಿ ನಿರಾಕರಣೆ ಬಂದರೆ ಮೊದಲ ಫಿಲ್ಟರ್. ಕೆಲಸ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ತುಂಬುತ್ತಾ ಹೋಗಿ, ಕೊನೆಗೆ ಚಿತ್ರದ ಜಾಗದಲ್ಲಿ ಖಾಲಿ ಚೌಕ ಬಂದರೆ ಬಹುತೇಕ ಎರಡನೆಯದು. ಅದೇ ಪ್ರಾಂಪ್ಟ್ ಅನ್ನು ಹಟ ಹಿಡಿದು ಮತ್ತೆ ಮತ್ತೆ ಒತ್ತಬೇಡಿ. ಒಂದು ಸಲ ಒತ್ತಿ, ಬ್ಯಾಲೆನ್ಸ್ ನೋಡಿ, ಆಮೇಲೆ ಪದ ಬದಲಿಸಿ.

ಈ ತಿಂಗಳು ಉಳಿದ ಕ್ರೆಡಿಟ್ ಮುಂದಿನ ತಿಂಗಳಿಗೆ ಸೇರುತ್ತದೆಯೇ?

ಬಹುಪಾಲು ಪ್ಲಾನ್‌ಗಳಲ್ಲಿ ಇಲ್ಲ. ಅಡೋಬಿ ಫೈರ್‌ಫ್ಲೈಯ ತಿಂಗಳ ಜೆನರೇಟಿವ್ ಕ್ರೆಡಿಟ್‌ಗಳು ರೀಸೆಟ್ ದಿನಕ್ಕೆ ಹೋಗುತ್ತವೆ. ಮಿಡ್‌ಜರ್ನಿಯ ತಿಂಗಳ ಫಾಸ್ಟ್ ಗಂಟೆಗಳೂ ಹಾಗೇ. ಮೇಲಿನ ಲೆಕ್ಕದಲ್ಲಿ ಉಳಿಸಿದ 208 ಕ್ರೆಡಿಟ್ ಇಂಥ ಕಡೆ ಆವಿಯಾದಂತೆ.

ಕೆಲವು ಕಡೆ ಉಳಿದದ್ದು ಸೇರುತ್ತದೆ, ಆದರೆ ಮಿತಿ ಇರುತ್ತದೆ. ಲಿಯೊನಾರ್ಡೊ ಎಂಬ ಟೂಲ್‌ನ ಹಣ ಕಟ್ಟುವ ಪ್ಲಾನ್‌ಗಳಲ್ಲಿ ಉಳಿದ ಟೋಕನ್ ಇಡಲು ಬೇರೆಯೇ ಒಂದು ಬ್ಯಾಂಕ್ ಇದೆ. ಅದು ತುಂಬಿದ ಮೇಲೆ ಹೆಚ್ಚಿನದು ನಿಲ್ಲುವುದಿಲ್ಲ. ಅದರ ಉಚಿತ ಪ್ಲಾನ್‌ನಲ್ಲಿ ದಿನದ ಟೋಕನ್ ದಿನಕ್ಕೇ ಮುಗಿಯಿತು.

ಮಿತಿ ಎಂದಾಗ ಒಂದು ಮಾತು ಗಮನಿಸಿ. ‘1500ರವರೆಗೆ’ ಎಂದಿದ್ದರೆ ಅದು ಉಳಿಕೆಗೆ ಹಾಕಿದ ಮಿತಿಯೋ, ಒಟ್ಟು ಬ್ಯಾಲೆನ್ಸ್‌ಗೋ? ತಿಂಗಳಿಗೆ 1000 ಬರುವ ಪ್ಲಾನ್‌ನಲ್ಲಿ 800 ಉಳಿಸಿದಿರಿ ಎಂದುಕೊಳ್ಳಿ. ಮಿತಿ ಉಳಿಕೆಗೆ ಆದರೆ ಮುಂದಿನ ತಿಂಗಳು 1800 ಇರುತ್ತದೆ. ಒಟ್ಟಿಗೆ ಆದರೆ 1500, ಮುನ್ನೂರು ಹೋಯಿತು. ಒಂದೇ ಸಂಖ್ಯೆ, ಎರಡು ಅರ್ಥ.

ದುಡ್ಡು ಕೊಟ್ಟಿದ್ದೇವೆ, ಉಳಿದದ್ದನ್ನು ಯಾಕೆ ಕಿತ್ತುಕೊಳ್ಳುತ್ತಾರೆ?

ಎಲ್ಲರೂ ಪೂರ್ತಿ ಬಳಸುವುದಿಲ್ಲ ಎಂಬ ಅಂದಾಜಿನ ಮೇಲೆಯೇ ಪ್ಲಾನ್‌ನ ಬೆಲೆ ನಿಂತಿರುತ್ತದೆ. ಜಿಮ್ ಸದಸ್ಯತ್ವದ ಲೆಕ್ಕ. ಇನ್ನೊಂದು ಕಾರಣ ಖಾತೆಪುಸ್ತಕದ್ದು: ಬಳಸದ ಕ್ರೆಡಿಟ್ ಎಂದರೆ ಕಂಪನಿ ಇನ್ನೂ ಕೊಡಬೇಕಾದ ಸೇವೆ, ಬಾಕಿ. ಮೂರನೆಯದು ಜಿಪಿಯು. ನಿನ್ನೆ ಸುಮ್ನೆ ಕೂತ ಮೆಷಿನ್ ಸಮಯವನ್ನು ನಾಳೆಗೆ ಕೂಡಿಡಲು ಆಗುವುದಿಲ್ಲ. ಎಲ್ಲರೂ ಕೂಡಿಟ್ಟು ಒಂದೇ ವಾರ ಖರ್ಚು ಮಾಡಲು ಬಂದರೆ ಕ್ಯೂ ಕುಸಿಯುತ್ತದೆ. ಮೂರನೆಯ ಕಾರಣವನ್ನು ನಾನು ಒಪ್ಪುತ್ತೇನೆ. ಮೊದಲನೆಯದನ್ನು ಅರ್ಥ ಮಾಡಿಕೊಳ್ಳುತ್ತೇನೆ, ಅಷ್ಟೇ.

ಟಾಪ್-ಅಪ್ ಮಾಡಿ ಬೇರೆಯಾಗಿ ಕೊಂಡ ಕ್ರೆಡಿಟ್ ಕೂಡ ತಿಂಗಳ ಕೊನೆಗೆ ಹೋಗುತ್ತದೆಯೇ?

ಅದು ಬೇರೆ ಡಬ್ಬಿ. ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಆಯಸ್ಸು. ಡಾಲ್-ಇ 2ರ ಕಾಲದಲ್ಲಿ ಉಚಿತವಾಗಿ ಬಂದ ಕ್ರೆಡಿಟ್ ತಿಂಗಳಿಗೇ ಹೋಗುತ್ತಿತ್ತು, ಕೊಂಡದ್ದು 12 ತಿಂಗಳು ಇರುತ್ತಿತ್ತು.

ಆದರೆ ಆಯಸ್ಸಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಯಾವ ಡಬ್ಬಿಯಿಂದ ಮೊದಲು ಖರ್ಚಾಗುತ್ತದೆ? ಮೇಲಿನ ಕಥೆಪುಸ್ತಕಕ್ಕೇ ಹೋಗೋಣ. 1224 ಬೇಕಿತ್ತು, 1000 ಇತ್ತು. 500ರ ಟಾಪ್-ಅಪ್ ಕೊಂಡಿರಿ, 224 ಬಳಸಿದಿರಿ, 276 ಉಳಿಯಿತು. ಮುಂದಿನ ತಿಂಗಳು ಹೊಸದಾಗಿ 1000 ಬಂತು, ಆ ತಿಂಗಳು ನೀವು ಸರಿಯಾಗಿ 1000 ಖರ್ಚು ಮಾಡಿದಿರಿ.

ಟೂಲ್ ತಿಂಗಳ ಡಬ್ಬಿಯಿಂದ ಮೊದಲು ತೆಗೆದರೆ ಆ 1000 ಮುಗಿದು, ಟಾಪ್-ಅಪ್‌ನ 276 ಹಾಗೇ ಇರುತ್ತದೆ. ಟಾಪ್-ಅಪ್‌ನಿಂದ ಮೊದಲು ತೆಗೆದರೆ 276 ಅಲ್ಲಿಂದ, 724 ತಿಂಗಳದ್ದರಿಂದ ಹೋಗುತ್ತದೆ. ತಿಂಗಳ ಡಬ್ಬಿಯಲ್ಲಿ ಉಳಿದ 276 ರೀಸೆಟ್ ದಿನ ಮಾಯ. ಬಳಸಿದ್ದು ಒಂದೇ, ಕಳೆದುಕೊಂಡದ್ದು ಕೊಂಡುಕೊಂಡ ಕ್ರೆಡಿಟ್‌ನ ಅರ್ಧಕ್ಕಿಂತ ಜಾಸ್ತಿ. ಬೇಗ ಸಾಯುವುದನ್ನು ಮೊದಲು ಬಳಸುವ ಟೂಲ್ ಪ್ರಾಮಾಣಿಕ ಟೂಲ್ ಎಂಬುದು ನನ್ನ ಅಳತೆ.

ಬ್ಯಾಲೆನ್ಸ್ ಪುಟದಲ್ಲಿ ಎರಡೂ ಡಬ್ಬಿ ಬೇರೆ ಬೇರೆ ಕಂಡರೆ ಪರೀಕ್ಷೆ ಸುಲಭ. ಟಾಪ್-ಅಪ್ ಇರುವಾಗ ತಿಂಗಳ ಮೊದಲ ದಿನ ಒಂದು ಅಗ್ಗದ ಚಿತ್ರ ತೆಗೆಯಿರಿ. ಯಾವ ಅಂಕಿ ಇಳಿಯಿತು ನೋಡಿ. ಒಟ್ಟು ಮೊತ್ತ ಮಾತ್ರ ತೋರಿಸುವ ಕಡೆ ಟಾಪ್-ಅಪ್ ದೊಡ್ಡದಾಗಿ ಕೊಳ್ಳಬೇಡಿ, ಬೇಕಾದಷ್ಟೇ ಕೊಳ್ಳಿ.

ಪ್ಲಾನ್ ರದ್ದು ಮಾಡಿದರೆ ಉಳಿದ ಕ್ರೆಡಿಟ್ ಕಥೆ ಏನು?

ತಿಂಗಳ ಕ್ರೆಡಿಟ್ ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವವರೆಗೆ ಇರುತ್ತದೆ. ಟಾಪ್-ಅಪ್ ವಿಷಯದಲ್ಲಿ ಹುಷಾರು. ನಾನು ಒಂದು ಟೂಲ್‌ನಲ್ಲಿ ಟಾಪ್-ಅಪ್ ಕೊಂಡು, ಅದು ಒಂದು ವರ್ಷ ಇರುತ್ತದೆ ಎಂದು ಓದಿ, ನೆಮ್ಮದಿಯಾಗಿ ಪ್ಲಾನ್ ರದ್ದು ಮಾಡಿದೆ. ಬ್ಯಾಲೆನ್ಸ್ ಕಾಣುತ್ತಲೇ ಇತ್ತು. ಬಟನ್ ಮಾತ್ರ ಬೂದು ಬಣ್ಣಕ್ಕೆ ತಿರುಗಿತ್ತು. ಪ್ಲಾನ್ ಚಾಲ್ತಿಯಲ್ಲಿದ್ದರೆ ಮಾತ್ರ ಟಾಪ್-ಅಪ್ ಬಳಸಬಹುದು ಎಂಬ ಸಾಲು ಷರತ್ತುಗಳ ಕೊನೆಯಲ್ಲಿತ್ತು. ಆ ಕ್ರೆಡಿಟ್ ಬಳಸಲು ಮತ್ತೆ ಒಂದು ತಿಂಗಳ ಪ್ಲಾನ್ ಕಟ್ಟಬೇಕಾಯಿತು. ದೊಡ್ಡ ಪ್ಲಾನ್‌ನಿಂದ ಚಿಕ್ಕದಕ್ಕೆ ಇಳಿಯುವಾಗಲೂ ಉಳಿಕೆಯ ಮಿತಿ ಕಿರಿದಾಗಬಹುದು, ಇಳಿಯುವ ಮುಂಚೆ ನೋಡಿಕೊಳ್ಳಿ.

ರೀಸೆಟ್ ಒಂದನೇ ತಾರೀಖಿಗಾ?

ಹಣ ಕಟ್ಟುವ ಪ್ಲಾನ್‌ಗಳಲ್ಲಿ ಹೆಚ್ಚಾಗಿ ನೀವು ಚಂದಾ ಶುರು ಮಾಡಿದ ತಾರೀಖಿಗೆ. ವರ್ಷದ ಪ್ಲಾನ್ ಕಟ್ಟಿದ್ದರೂ ಕ್ರೆಡಿಟ್ ತಿಂಗಳು ತಿಂಗಳು ಬರುವುದೇ ಸಾಮಾನ್ಯ, ಎಲ್ಲ ಒಟ್ಟಿಗೆ ಅಲ್ಲ. ರೀಸೆಟ್ ಗಂಟೆ ಸರ್ವರ್‌ನ ಗಡಿಯಾರದ್ದು, ನಿಮ್ಮ ಗೋಡೆಯದ್ದಲ್ಲ. ಕೊನೆಯ ರಾತ್ರಿಗೆ ಕೆಲಸ ಇಟ್ಟುಕೊಳ್ಳಬೇಡಿ.

ಪ್ರಯಾರಿಟಿ ಕ್ಯೂ ಇದ್ದರೆ ಚಿತ್ರ ಬೇಗ ಆಗುತ್ತದೆಯೇ?

ಚಿತ್ರ ಬೇಗ *ಶುರುವಾಗುತ್ತದೆ*. ಈ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಮುಗಿಯಿತು. ನಾವು ಕಾಯುವ ಹೊತ್ತಿನಲ್ಲಿ ಎರಡು ಭಾಗ. ಒಂದು ಸಾಲಿನಲ್ಲಿ ನಿಂತ ಹೊತ್ತು, ಇನ್ನೊಂದು ಮೆಷಿನ್ ಕೆಲಸ ಮಾಡಿದ ಹೊತ್ತು. ಪ್ರಯಾರಿಟಿಯಿಂದ ಕಡಿಮೆಯಾಗುವುದು ಮೊದಲನೆಯದು ಮಾತ್ರ. ಸಾಲೇ ಇಲ್ಲದ ಹೊತ್ತಿನಲ್ಲಿ ಪ್ರಯಾರಿಟಿ ಇದ್ದವರಿಗೂ ಇಲ್ಲದವರಿಗೂ ಒಂದೇ.

ಕೆಲಸದ ಹೊತ್ತನ್ನೇ ಕಡಿಮೆ ಮಾಡುವುದು ಬೇರೆ ಸೌಲಭ್ಯ. ಮಿಡ್‌ಜರ್ನಿಯ ಟರ್ಬೊ ಮೋಡ್ ಅಂಥದ್ದು. ವೇಗ ನಾಲ್ಕು ಪಟ್ಟಿನವರೆಗೆ, ಖರ್ಚು ಫಾಸ್ಟ್ ಮೋಡ್‌ನ ಎರಡು ಪಟ್ಟು. ಎದುರಿಗೆ ಕ್ಲೈಂಟ್ ಕೂತಿದ್ದರೆ ಸರಿ, ಇಲ್ಲದಿದ್ದರೆ ಅಷ್ಟು ಅವಸರ ಯಾಕೆ?

ನಿಮ್ಮ ಟೂಲ್‌ನಲ್ಲಿ ಯಾವುದು ತಡ ಎಂದು ಕಂಡುಹಿಡಿಯಲು ಒಂದು ಕ್ಲಿಕ್ ಸಾಕು. ‘ಕಾಯುತ್ತಿದೆ’ ಎಂಬ ಸ್ಥಿತಿ ಎಷ್ಟು ಸೆಕೆಂಡು, ಪಟ್ಟಿ ತುಂಬಲು ಶುರುವಾದ ಮೇಲೆ ಎಷ್ಟು ಸೆಕೆಂಡು ಎಂದು ಎಣಿಸಿ. ಕಾಯುವುದು 5, ಕೆಲಸ 40 ಆಗಿದ್ದರೆ ಪ್ರಯಾರಿಟಿಗೆ ಕೊಡುವ ದುಡ್ಡು ಆ ಐದು ಸೆಕೆಂಡಿಗೆ. ಕಾಯುವುದು ನಾಲ್ಕು ನಿಮಿಷವಾದರೆ ಯೋಚಿಸಬಹುದು. ದಿನದ ಬೇರೆ ಬೇರೆ ಹೊತ್ತಿನಲ್ಲಿ ಎಣಿಸಿ, ಸಾಲು ಏರಿಳಿಯುತ್ತದೆ.

ಕ್ರೆಡಿಟ್ ಮುಗಿದ ಮೇಲೂ ಚಿತ್ರ ಬರುತ್ತಿದೆ, ಆದರೆ ತುಂಬಾ ನಿಧಾನ. ಹಾಳಾಗಿದೆಯೇ?

ಹಾಳಾಗಿಲ್ಲ. ಕೆಲವು ಟೂಲ್‌ಗಳಲ್ಲಿ ಕ್ರೆಡಿಟ್ ಎಂಬುದು ಚಿತ್ರದ ಬೆಲೆಯೇ ಅಲ್ಲ, ಸಾಲಿನಲ್ಲಿ ಮುಂದೆ ನಿಲ್ಲುವ ಬೆಲೆ. ಬಿಂಗ್ ಇಮೇಜ್ ಕ್ರಿಯೇಟರ್‌ನ ಬೂಸ್ಟ್‌ಗಳು ಹಾಗೇ ಬಂದವು. ಬೂಸ್ಟ್ ಮುಗಿದರೂ ಚಿತ್ರ ಬರುತ್ತದೆ, ಕಾಯುವುದು ಜಾಸ್ತಿ. ಮಿಡ್‌ಜರ್ನಿಯ ಸ್ಟ್ಯಾಂಡರ್ಡ್ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಲ್ಲಿ ರಿಲ್ಯಾಕ್ಸ್ ಮೋಡ್ ಇದೆ. ಅದು ಫಾಸ್ಟ್ ಗಂಟೆ ತಿನ್ನುವುದಿಲ್ಲ, ಒಂದೊಂದು ಕೆಲಸಕ್ಕೆ ಸಾಮಾನ್ಯವಾಗಿ 0ರಿಂದ 10 ನಿಮಿಷ ಕಾಯಿಸುತ್ತದೆ.

ಆ ಕಾಯುವಿಕೆ ಎಲ್ಲರಿಗೂ ಒಂದೇ ಅಲ್ಲ. ರಿಲ್ಯಾಕ್ಸ್ ಅನ್ನು ಅಪರೂಪಕ್ಕೆ ಬಳಸುವವರು ಮುಂದೆ, ಆ ತಿಂಗಳು ಸಿಕ್ಕಾಪಟ್ಟೆ ಬಳಸಿದವರು ಹಿಂದೆ. ಆದ್ದರಿಂದ ತಿಂಗಳ ಕೊನೆಗೆ ‘ಯಾಕೋ ನಿಧಾನವಾಗಿದೆ’ ಅನ್ನಿಸಿದರೆ ಇಂಟರ್ನೆಟ್ ಬೈಯುವ ಮುಂಚೆ ಆ ತಿಂಗಳ ಬಳಕೆ ನೋಡಿ. ಚಂದಾ ಹೊಸದಾದ ದಿನ ಈ ಲೆಕ್ಕವೂ ಹೊಸದಾಗುತ್ತದೆ.

ಕಥೆಪುಸ್ತಕದಂಥ ಕೆಲಸಕ್ಕೆ ನಾನು ಮಾಡುವುದು ಹೀಗೆ: ಪದ ಹುಡುಕುವ ಹಂತವನ್ನೆಲ್ಲ ನಿಧಾನದ ಸಾಲಿನಲ್ಲಿ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತೇನೆ. ತಿದ್ದುವ ಹಂತಕ್ಕೆ ಬಂದಾಗ ಮಾತ್ರ ಫಾಸ್ಟ್. ತಿದ್ದುವಾಗ ಒಂದು ಬದಲಾವಣೆ ನೋಡಿಯೇ ಇನ್ನೊಂದು ಮಾಡಬೇಕು, ಅಲ್ಲಿ ಹತ್ತು ನಿಮಿಷ ಕಾದರೆ ತಲೆಯಲ್ಲಿದ್ದದ್ದೇ ಮರೆತುಹೋಗುತ್ತದೆ.

ಸಾಲಿನಲ್ಲಿದೆ ಎಂದು ತೋರಿಸುತ್ತಿತ್ತು, ಬೇಸತ್ತು ಇನ್ನೊಮ್ಮೆ ಒತ್ತಿದೆ. ಎರಡು ಸಲ ಕ್ರೆಡಿಟ್ ಹೋಗುತ್ತದೆಯೇ?

ಹೋಗುವ ಸಾಧ್ಯತೆಯೇ ಹೆಚ್ಚು. ಟೂಲ್‌ಗೆ ಅದು ಎರಡನೇ ಕೆಲಸ. ಪೇಜ್ ರಿಫ್ರೆಶ್ ಮಾಡಿದ ಮಾತ್ರಕ್ಕೆ ಮೊದಲನೆಯದು ರದ್ದಾಗುವುದಿಲ್ಲ, ಅದು ಸರ್ವರ್‌ನಲ್ಲಿ ತನ್ನ ಸರದಿ ಕಾಯುತ್ತಲೇ ಇರುತ್ತದೆ. ರದ್ದು ಮಾಡುವ ಬಟನ್ ಇದ್ದರೆ ಸಾಲಿನಲ್ಲಿರುವಾಗಲೇ ಒತ್ತಿ. ಕೆಲಸ ಶುರುವಾದ ಮೇಲೆ ಒತ್ತಿದರೆ ಅಷ್ಟರವರೆಗಿನ ಸಮಯವನ್ನೋ ಪೂರ್ತಿ ದರವನ್ನೋ ಕಡಿಯಬಹುದು. ಒಂದೇ ಸಮಯದಲ್ಲಿ ಎಷ್ಟು ಕೆಲಸ ನಡೆಯಬಹುದು ಎಂಬುದಕ್ಕೂ ಪ್ಲಾನ್‌ಗೆ ತಕ್ಕ ಮಿತಿ ಇರುತ್ತದೆ. ಹಾಗಾಗಿ ನೀವು ಎರಡನೇ ಸಲ ಒತ್ತಿದ್ದೇ ನಿಮ್ಮ ಮೂರನೇ ಚಿತ್ರವನ್ನು ಕಾಯಿಸುತ್ತಿರಬಹುದು. ಒತ್ತುವ ಮುಂಚೆ ಹಿಸ್ಟರಿ ಅಥವಾ ಗ್ಯಾಲರಿ ಪುಟ ಇನ್ನೊಂದು ಟ್ಯಾಬ್‌ನಲ್ಲಿ ತೆರೆದು ನೋಡಿ. ಎಷ್ಟೋ ಸಲ ಚಿತ್ರ ಅಲ್ಲಿ ಬಂದು ಕೂತಿರುತ್ತದೆ, ನೀವು ನೋಡುತ್ತಿರುವ ಪುಟಕ್ಕೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ.